ಇಳಿಜಾರು ಮತ್ತು ಮೆಟ್ಟಿಲು

ವಯಸ್ಸಾದವರಿಗೆ ಮರೆವು ಹೆಚ್ಚಾಗಿದೆ ಎಂದು ಮನೆಯವರು ಆಸ್ಪತ್ರೆಗೆ ಕರೆತಂದಾಗ ನರರೋಗ ತಜ್ಞರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಇದು ಯಾವಾಗಿನಿಂದ?" ಈ ಪ್ರಶ್ನೆಗೆ ಮನೆಯವರು ಸಲೀಸಾಗಿ ಉತ್ತರಿಸುತ್ತಾರೋ ತಡವರಿಸುತ್ತಾರೋ ಎಂಬುದರಲ್ಲೇ ರೋಗದ ಸುಳಿವು ಇರುತ್ತದೆ. ಎರಡು ಮನೆಗಳ ಚಿತ್ರ ನೋಡೋಣ. ಇವು ಹಲವಾರು ಮನೆಗಳಲ್ಲಿ ಕಾಣುವುದನ್ನು ಸೇರಿಸಿ ನಾನು ಕಟ್ಟಿಕೊಂಡ ಚಿತ್ರಗಳು.

ಮೊದಲ ಮನೆ ತಿಪಟೂರಿನ ಕಡೆಯದು. ಎಪ್ಪತ್ನಾಲ್ಕರ ಅತ್ತೆ, ಪ್ರಾಥಮಿಕ ಶಾಲೆಯ ನಿವೃತ್ತ ಟೀಚರು. ಯಾವಾಗಿನಿಂದ ಎಂದು ಕೇಳಿದರೆ ಸೊಸೆಗೆ ಹೇಳಲಾಗುವುದಿಲ್ಲ. "ಹೋದ ವರ್ಷ ಸಾರಿಗೆ ಎರಡೆರಡು ಸಲ ಉಪ್ಪು ಹಾಕೋಕೆ ಶುರು ಮಾಡಿದ್ರು. ಅಲ್ಲ, ಅದಕ್ಕೂ ಮುಂಚೆ ಮೊಮ್ಮಗನ ನಾಮಕರಣದಲ್ಲೇ ಕೇಳಿದ್ದನ್ನೇ ಕೇಳ್ತಿದ್ರು. ನಾವು ವಯಸ್ಸಾಯ್ತು ಅಂದ್ಕೊಂಡ್ವಿ." ಹಿಂದಕ್ಕೆ ಹೋದಷ್ಟೂ ಇನ್ನೂ ಹಿಂದಿನ ಇನ್ನೊಂದು ಘಟನೆ ನೆನಪಾಗುತ್ತದೆ. ಅತ್ತೆಗೆ ತಾನು ಕಲಿಸಿದ ಮಕ್ಕಳ ಹೆಸರು, ಮೊದಲ ಪೋಸ್ಟಿಂಗ್ ಆದ ಊರಿನ ಬಾವಿ ಎಲ್ಲವೂ ನೆನಪಿದೆ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿಲ್ಲ. ನಡಿಗೆ ಚುರುಕಾಗಿದೆ, ಮಾತು ಸೊಗಸಾಗಿದೆ. ಹೊಸಬರು ಹತ್ತು ನಿಮಿಷ ಮಾತಾಡಿದರೆ ಏನೂ ಗೊತ್ತಾಗುವುದಿಲ್ಲ.

ಎರಡನೆಯದು ದಾವಣಗೆರೆಯ ಒಂದು ಕಿರಾಣಿ ಅಂಗಡಿಯವರ ಮನೆ. ಯಜಮಾನರಿಗೆ ಎಪ್ಪತ್ತು, ಇಪ್ಪತ್ತು ವರ್ಷದಿಂದ ಬಿಪಿ, ಜೊತೆಗೆ ಸಕ್ಕರೆ ಕಾಯಿಲೆ. ಮಗನಿಗೆ ದಿನವೇ ಗೊತ್ತು. "ಯುಗಾದಿ ಮಾರನೇ ದಿನ. ಬೆಳಿಗ್ಗೆ ಅಂಗಡಿ ತೆಗೆದು ಕೂತ್ರು, ಚಿಲ್ಲರೆ ಲೆಕ್ಕ ಮಾಡೋಕೆ ಆಗಲಿಲ್ಲ. ಎಡಗಾಲು ಸ್ವಲ್ಪ ಎಳೀತಿತ್ತು. ಒಂದು ವಾರದಲ್ಲಿ ಕಾಲು ಸರಿ ಹೋಯ್ತು ಅಂತ ಸುಮ್ಮನಾದ್ವಿ." ಎಂಟು ತಿಂಗಳು ಹಾಗೇ ಇದ್ದರು. ದೀಪಾವಳಿ ಕಳೆದ ಮೇಲೆ ಇನ್ನೊಂದು ದಿನ ಇದ್ದಕ್ಕಿದ್ದಂತೆ ಮಾತು ಕಮ್ಮಿಯಾಯಿತು. ಈಗ ಹೆಜ್ಜೆ ಸಣ್ಣದಾಗಿದೆ, ಮೂತ್ರಕ್ಕೆ ಅವಸರವಾಗುತ್ತದೆ, ಟಿವಿಯಲ್ಲಿ ಯಾರೋ ಮದುವೆಯಾದರೂ ಬಿಕ್ಕಿ ಬಿಕ್ಕಿ ಅಳುತ್ತಾರೆ. ಕೇಳಿದ್ದಕ್ಕೆ ಉತ್ತರ ಬರುತ್ತದೆ, ಆದರೆ ಅರ್ಧ ನಿಮಿಷ ಕಾಯಬೇಕು.

ಮೊದಲನೆಯದು ಇಳಿಜಾರು, ಎರಡನೆಯದು ಮೆಟ್ಟಿಲು. ಎರಡಕ್ಕೂ ಒಟ್ಟಾರೆ ಹೆಸರು ಡಿಮೆನ್ಶಿಯ. ಮೊದಲನೆಯದರ ಹಿಂದೆ ಹೆಚ್ಚಾಗಿ ಆಲ್‌ಝೈಮರ್ ಕಾಯಿಲೆ ಇರುತ್ತದೆ. ಎರಡನೆಯದರ ಹಿಂದೆ ಮೆದುಳಿನ ರಕ್ತನಾಳಗಳ ತೊಂದರೆ.

ಈ ವಿಂಗಡಣೆ ವೈದ್ಯಕೀಯಕ್ಕೆ ಸುಲಭವಾಗಿ ಒಲಿದದ್ದಲ್ಲ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದ ಅಗಸ್ಟ್ ಡೆಟರ್ ಎಂಬಾಕೆಗೆ ಆಗ ಐವತ್ತೊಂದು ವರ್ಷ. ಗಂಡನ ಮೇಲೆ ವಿನಾಕಾರಣ ಅನುಮಾನ, ಮರೆವು, ಗೊಂದಲ. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಆಲೋಯ್ಸ್ ಆಲ್‌ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳ ಹೊರಗೆ ಗಟ್ಟಿಗೊಂಡ ಚುಕ್ಕೆಗಳನ್ನೂ ಒಳಗೆ ಸಿಕ್ಕುಬಿದ್ದ ಎಳೆಗಳನ್ನೂ ವಿವರಿಸಿದ. ಆದರೆ ರೋಗಿಯ ವಯಸ್ಸು ಕಡಿಮೆಯಿದ್ದುದರಿಂದ ಇದು ಮಧ್ಯವಯಸ್ಕರಿಗೆ ಬರುವ ಅಪರೂಪದ ರೋಗ ಎಂದೇ ದಶಕಗಳ ಕಾಲ ನಂಬಲಾಯಿತು. ಮುದುಕರ ಮರೆವಿಗೆ ಮಾತ್ರ "ರಕ್ತನಾಳ ಗಟ್ಟಿಯಾಗಿದೆ" ಎಂಬ ಒಂದೇ ವಿವರಣೆ. 1960ರ ದಶಕದ ಕೊನೆಗೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬ್ಲೆಸ್ಡ್, ಟಾಮ್ಲಿನ್‌ಸನ್ ಮತ್ತು ರಾತ್ ಎಂಬ ಮೂವರು, ಮರೆವಿದ್ದು ಸತ್ತ ವೃದ್ಧರ ಮೆದುಳುಗಳನ್ನು ಪರೀಕ್ಷಿಸಿದಾಗ ಬಹಳಷ್ಟರಲ್ಲಿ ಆಲ್‌ಝೈಮರ್ ಕಂಡ ಅದೇ ಚುಕ್ಕೆ, ಅದೇ ಸಿಕ್ಕುಗಳಿದ್ದವು. ಇನ್ನು ಕೆಲವರಲ್ಲಿ ರಕ್ತ ಸಿಗದೆ ಸತ್ತ ಮೆದುಳಿನ ತುಣುಕುಗಳಿದ್ದವು. ರಕ್ತನಾಳ ಬರೀ ಗಟ್ಟಿಯಾಗಿದ್ದರಿಂದ ಮರೆವು ಬರುವುದಿಲ್ಲ, ಮೆದುಳಿನ ಭಾಗ ಸತ್ತರೆ ಬರುತ್ತದೆ ಎಂಬುದನ್ನು 1974ರಲ್ಲಿ ವ್ಲಾದಿಮಿರ್ ಹಚಿನ್‌ಸ್ಕಿ ಮತ್ತು ಜೊತೆಗಾರರು ಸ್ಪಷ್ಟವಾಗಿ ಮಂಡಿಸಿದರು. ಮರುವರ್ಷ ಅವರು ಒಂದು ಅಂಕಪಟ್ಟಿಯನ್ನೂ ಕೊಟ್ಟರು. ಸ್ಕ್ಯಾನ್ ಯಂತ್ರಗಳು ಇನ್ನೂ ಎಲ್ಲೆಡೆ ಬಂದಿರದ ಕಾಲಕ್ಕೆ, ಮನೆಯವರ ಮಾತು ಮತ್ತು ಹಾಸಿಗೆಯ ಪಕ್ಕದ ಪರೀಕ್ಷೆಯಿಂದಲೇ ತುಂಬಬಹುದಾದ ಪಟ್ಟಿ ಅದು.

ನಮ್ಮ ಅಂಗಡಿಯ ಯಜಮಾನರಿಗೆ ಅಂಕ ಹಾಕಿ ನೋಡೋಣ. ಇದ್ದಕ್ಕಿದ್ದಂತೆ ಶುರುವಾಗಿದ್ದಕ್ಕೆ 2. ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದಕ್ಕೆ 1. ತಡೆಯಲಾಗದ ಅಳುವಿಗೆ 1. ಬಿಪಿಗೆ 1. ಕಾಲು ಎಳೆದದ್ದಕ್ಕೆ 2. ವೈದ್ಯರು ಪರೀಕ್ಷಿಸಿದಾಗ ಎಡಗಡೆ ಇನ್ನೂ ಸ್ವಲ್ಪ ಬಲಹೀನತೆ ಸಿಕ್ಕರೆ ಮತ್ತೆ 2. ಒಟ್ಟು 9. ಟೀಚರಮ್ಮನಿಗೂ ಬಿಪಿ ಇದೆ, ಅದಕ್ಕೆ 1, ಉಳಿದದ್ದೆಲ್ಲ ಸೊನ್ನೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಆಲ್‌ಝೈಮರ್ ಕಡೆಗೆ, ಏಳು ಅಥವಾ ಹೆಚ್ಚು ಬಂದರೆ ರಕ್ತನಾಳದ ಕಡೆಗೆ ಎಂಬುದು ಲೆಕ್ಕ. ಬರೀ ಬಿಪಿ ಇರುವುದಕ್ಕಿಂತ, ಕಾಯಿಲೆ ಹೇಗೆ ಶುರುವಾಯಿತು ಎಂಬುದಕ್ಕೆ ಇಲ್ಲಿ ಎರಡರಷ್ಟು ತೂಕ ಇದೆ ಎಂಬುದನ್ನು ಗಮನಿಸಿ.

ಇಬ್ಬರ ಮೆದುಳಿನೊಳಗೆ ನಡೆಯುತ್ತಿರುವುದೂ ಬೇರೆ ಬೇರೆ. ಟೀಚರಮ್ಮನಲ್ಲಿ ಅಮಿಲಾಯ್ಡ್ ಮತ್ತು ಟೌ ಎಂಬ ಎರಡು ಪ್ರೋಟೀನುಗಳು ತಪ್ಪಾಗಿ ಶೇಖರವಾಗುತ್ತ ಬಂದಿವೆ. ಮೊದಲ ಲಕ್ಷಣ ಕಾಣುವ ಹೊತ್ತಿಗೆ ಈ ಕೆಲಸ ಶುರುವಾಗಿ ಹದಿನೈದು ಇಪ್ಪತ್ತು ವರ್ಷ ಆಗಿರಬಹುದು. ಯಾವಾಗಿನಿಂದ ಎಂದು ಸೊಸೆ ಹೇಳಲಾರದ್ದರಲ್ಲಿ ಆಶ್ಚರ್ಯವಿಲ್ಲ. ಟೌ ಸಿಕ್ಕುಗಳು ಬೇಗನೆ ಕೆಡಿಸುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗ ಮುಖ್ಯ. ಈಗ ನಡೆದದ್ದನ್ನು ನೆನಪಾಗಿ ಉಳಿಸುವುದು ಆ ಭಾಗದ ಕೆಲಸ. ನಲವತ್ತು ವರ್ಷದ ಹಿಂದಿನ ನೆನಪುಗಳು ಆಗಲೇ ಮೆದುಳಿನ ಬೇರೆ ಕಡೆ ನೆಲೆಯೂರಿರುವುದರಿಂದ ಹೆಚ್ಚು ಕಾಲ ಬಾಳುತ್ತವೆ.

ಅಂಗಡಿಯವರ ಮೆದುಳಿನಲ್ಲಿ ಹಾಳಾಗಿರುವುದು ಆಳದ ಸಣ್ಣ ರಕ್ತನಾಳಗಳು. ಮೆದುಳಿನ ತಳದಲ್ಲಿ ಹಾಯುವ ದೊಡ್ಡ ನಾಳಗಳಿಂದ ಕೂದಲೆಳೆಯಂಥ ಕವಲುಗಳು ನೇರವಾಗಿ ಒಳಕ್ಕೆ ಹೊರಡುತ್ತವೆ. ದೊಡ್ಡ ನಾಳದ ಒತ್ತಡ ಹೆಚ್ಚು ತಗ್ಗದೆ ಅವುಗಳ ಮೇಲೆ ಬೀಳುತ್ತದೆ. ವರ್ಷಾನುಗಟ್ಟಲೆ ಬಿಪಿ ಏರಿಯೇ ಇದ್ದರೆ ಆ ಕವಲುಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ, ಒಂದು ದಿನ ಮುಚ್ಚುತ್ತದೆ. ಅಷ್ಟು ಜಾಗಕ್ಕೆ ರಕ್ತ ನಿಂತು, ಮೂರರಿಂದ ಹದಿನೈದು ಮಿಲಿಮೀಟರಿನಷ್ಟು ಅಗಲದ ಗುಂಡಿ ಉಳಿಯುತ್ತದೆ. ಇಂಥ ಎಷ್ಟೋ ಗುಂಡಿಗಳು ಕೈಕಾಲು ಬೀಳಿಸದೆ, ಯಾರಿಗೂ ತಿಳಿಯದೆ ಆಗಿಹೋಗುತ್ತವೆ. ಆದರೆ ಅದೇ ಆಳದಲ್ಲಿ ಹಣೆಯ ಹಿಂದಿನ ಮುಂಭಾಗದ ಮೆದುಳನ್ನು ಉಳಿದ ಭಾಗಗಳಿಗೆ ಜೋಡಿಸುವ ನರತಂತುಗಳು ಹಾಯುತ್ತವೆ. ಅವು ಕಡಿದರೆ ಮೊದಲು ಕೆಡುವುದು ಯೋಚನೆಯ ವೇಗ, ಒಂದು ಕೆಲಸವನ್ನು ಸಾಲಾಗಿ ಜೋಡಿಸಿಕೊಂಡು ಶುರುಮಾಡುವ ಶಕ್ತಿ, ನಡಿಗೆ, ಮೂತ್ರದ ಹಿಡಿತ. ಮರೆವು ಅವುಗಳ ಜೊತೆಗೆ ಅಥವಾ ಆಮೇಲೆ ಬರುತ್ತದೆ.

ಮರೆವಿನ ಬಗೆಯೂ ಬೇರೆ ಎಂದು ತೋರಿಸುವ ಸರಳ ಪರೀಕ್ಷೆಯೊಂದಿದೆ. ಮೂರು ಪದ ಹೇಳಿ: ಗುಲಾಬಿ, ಬೀಗ, ಬದನೆಕಾಯಿ. ಐದು ನಿಮಿಷ ಬೇರೆ ಮಾತಾಡಿ ಆಮೇಲೆ ಕೇಳಿ. ಇಬ್ಬರೂ ಹೇಳಲಾರರು. ಆಗ "ಒಂದು ತರಕಾರಿ ಇತ್ತಲ್ಲ?" ಎಂದು ಎತ್ತಿಕೊಡಿ. ಅಂಗಡಿಯವರು ತುಸು ತಡೆದು "ಬದನೆಕಾಯಿ" ಎನ್ನುತ್ತಾರೆ. ಟೀಚರಮ್ಮ "ಹುರುಳಿಕಾಯಿ" ಎನ್ನಬಹುದು, ಇಲ್ಲವೇ "ನೀವು ಯಾವ ಪದಾನೂ ಹೇಳಲಿಲ್ವಲ್ಲ" ಎನ್ನಬಹುದು. ಒಬ್ಬರಲ್ಲಿ ನೆನಪು ಇದೆ, ಕೈಗೆ ಸಿಗುತ್ತಿಲ್ಲ. ಇನ್ನೊಬ್ಬರಲ್ಲಿ ಅದು ಉಳಿದೇ ಇಲ್ಲ. ನೋಡಿಕೊಳ್ಳುವವರು ಇವರೊಂದಿಗೆ ನಡೆದುಕೊಳ್ಳಬೇಕಾದ ರೀತಿ ಬೇರೆಯಾಗುವುದು ಇಲ್ಲಿಂದಲೇ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಎಲ್ಲ ಮನೆಗಳಲ್ಲೂ ಚಿತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಸಣ್ಣ ನಾಳಗಳ ರೋಗವು ಮೆಟ್ಟಿಲುಗಳನ್ನು ತೋರಿಸದೆ ನಿಧಾನವಾಗಿ ಜಾರುವುದೂ ಉಂಟು. ಎಂಬತ್ತು ದಾಟಿದವರಲ್ಲಿ ಎರಡೂ ಒಟ್ಟಿಗಿರುವುದೇ ಸಾಮಾನ್ಯ. ಅಮೆರಿಕದ ಕ್ರೈಸ್ತ ಸನ್ಯಾಸಿನಿಯರು ಸತ್ತ ಮೇಲೆ ತಮ್ಮ ಮೆದುಳನ್ನು ದಾನ ಮಾಡಿದ ಅಧ್ಯಯನದಲ್ಲಿ ಡೇವಿಡ್ ಸ್ನೋಡನ್ 1997ರಲ್ಲಿ ಒಂದು ಕುತೂಹಲದ ಸಂಗತಿ ಕಂಡರು. ಆಲ್‌ಝೈಮರ್ ಗುರುತುಗಳು ಮೆದುಳಿನಲ್ಲಿದ್ದವರ ಪೈಕಿ, ಆಳದಲ್ಲಿ ಒಂದೆರಡು ಪುಟ್ಟ ಗುಂಡಿಗಳೂ ಇದ್ದವರು ಬದುಕಿದ್ದಾಗ ಡಿಮೆನ್ಶಿಯಕ್ಕೆ ತುತ್ತಾಗಿದ್ದ ಸಾಧ್ಯತೆ ಬಹಳ ಹೆಚ್ಚಿತ್ತು. ಹಾಗಾಗಿ ಟೀಚರಮ್ಮನ ಬಿಪಿಗೆ ಅಂಕಪಟ್ಟಿಯಲ್ಲಿ ಸಿಗುವುದು ಒಂದೇ ಅಂಕವಾದರೂ ಅದನ್ನು ಹತೋಟಿಯಲ್ಲಿ ಇಡಲೇಬೇಕು. ಇಬ್ಬರಿಗೂ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್, ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಆಗಬೇಕು. ಬಚ್ಚಲಲ್ಲಿ ಜಾರಿಬಿದ್ದ ಕೆಲವು ವಾರಗಳ ನಂತರ ತಲೆಬುರುಡೆಯೊಳಗೆ ರಕ್ತ ಕಟ್ಟಿಕೊಂಡು ಮಂಕು ಕವಿದರೆ, ಅದು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗಬಹುದಾದ ಕಾಯಿಲೆ.

ಈಗ ತಿಪಟೂರಿನ ಮನೆಗೆ ಹೋಗೋಣ. ಸಂಜೆ ಐದೂವರೆಯಾದರೆ ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. "ಕತ್ತಲಾಯ್ತು, ನಾನು ಮನೆಗೆ ಹೋಗ್ಬೇಕು. ಅಮ್ಮ ಕಾಯ್ತಿರ್ತಾಳೆ." ಸೊಸೆ ಮೊದಮೊದಲು ಎಲ್ಲರೂ ಮಾಡುವುದನ್ನೇ ಮಾಡಿದಳು. "ಇದೇ ನಿಮ್ಮನೆ ಅತ್ತೆ. ನಿಮ್ಮಮ್ಮ ತೀರಿಕೊಂಡು ಎಷ್ಟು ವರ್ಷ ಆಯ್ತು!" ಅತ್ತೆಗೆ ಅದು ಆಗತಾನೇ ಬಂದ ಸಾವಿನ ಸುದ್ದಿ. ಅತ್ತರು, ಬೈದರು, ಚಿಲಕ ಎಳೆದಾಡಿದರು. ಅರ್ಧ ಗಂಟೆಯಲ್ಲಿ ಸುದ್ದಿ ಮರೆತರು, ಸಂಕಟ ಮರೆಯಲಿಲ್ಲ. ಇದು ಊಹೆಯಲ್ಲ. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಲ್‌ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದೇನು ಎಂಬುದು ಬೇಗ ಅಳಿಸಿಹೋಯಿತು. ದುಃಖ, ಸಂತೋಷಗಳು ಆಮೇಲೂ ಉಳಿದಿದ್ದವು. ನಿಜ ಹೇಳಿ ತಿದ್ದಿದರೆ ತಿದ್ದುಪಡಿ ಉಳಿಯುವುದಿಲ್ಲ, ನೋವು ಉಳಿಯುತ್ತದೆ.

ಹಾಗೆಂದು ಸುಳ್ಳು ಕಥೆ ಕಟ್ಟಬೇಕಾಗಿಲ್ಲ. ಸೊಸೆ ಈಗ "ಅಮ್ಮನ ನೆನಪು ಬಂತಾ ಅತ್ತೆ? ಅವರು ಮಾಡ್ತಿದ್ದ ಯಾವ ಅಡುಗೆ ನಿಮಗಿಷ್ಟ?" ಎಂದು ಕೇಳುತ್ತಾಳೆ. ಮಾತು ಹುಳಿಯವಲಕ್ಕಿಗೆ ಹೋಗುತ್ತದೆ, ಕಾಲು ಅಡುಗೆಮನೆಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಅವಳು ಒಂದು ವಾರ ಪ್ರತಿ ಸಂಜೆ ಮೂರು ವಿಷಯ ಬರೆದಿಟ್ಟಳು: ಗಲಾಟೆಗೆ ಮುಂಚೆ ಏನಾಗಿತ್ತು, ಅತ್ತೆ ಏನು ಮಾಡಿದರು, ಆಮೇಲೆ ನಾವೇನು ಮಾಡಿದೆವು. ಗಲಾಟೆ ಜೋರಾಗಿದ್ದು ಮಧ್ಯಾಹ್ನ ಎರಡು ಗಂಟೆ ಮಲಗಿದ ದಿನ, ಮತ್ತು ಕರೆಂಟು ಹೋಗಿ ಹಜಾರ ಕತ್ತಲಾದ ದಿನ. ಈಗ ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿದಿದೆ. ಹೊತ್ತು ಮುಳುಗುವ ಮೊದಲೇ ದೀಪ ಹಚ್ಚುತ್ತಾರೆ. ಐದು ಗಂಟೆಗೆ ಹೂ ಕಟ್ಟಲು ಕೊಡುತ್ತಾರೆ. ಕೈಗಳಿಗೆ ಆ ಕೆಲಸ ಮರೆತಿಲ್ಲ. ಸಂಜೆಯ ಗಲಾಟೆ ನಿಂತಿಲ್ಲ, ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ.

ಬಳೆ ಕಳುವಾಯಿತು, ಕೆಲಸದವಳೇ ತೆಗೆದಳು ಎಂಬ ಆರೋಪವೂ ಇದೇ ಬಗೆಯದು. ಬಳೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟವರು ಅತ್ತೆಯೇ. ಆದರೆ ಬಚ್ಚಿಟ್ಟ ಆ ಕ್ಷಣ ನೆನಪಾಗಿ ಉಳಿದಿಲ್ಲ. ಅವರ ಪಾಲಿಗೆ ಬಳೆ ಇದ್ದ ಜಾಗ ಖಾಲಿಯಾಗಿದೆ, ಅಷ್ಟೇ. ಯಾರೋ ತೆಗೆದಿರಬೇಕು ಎಂಬುದು ಅವರಿಗೆ ಉಳಿಯುವ ಒಂದೇ ತರ್ಕ. "ನೋಡಿ, ಇಲ್ಲೇ ಇದೆ! ಸುಮ್ಮಸುಮ್ಮನೆ ಆಡ್ತೀರಾ" ಎಂದು ಗೆದ್ದರೆ ಗಂಟೆಯೊಳಗೆ ಮತ್ತೆ ಅದೇ ಆರೋಪ. "ಬನ್ನಿ, ಇಬ್ರೂ ಹುಡುಕೋಣ" ಎಂದು ಜೊತೆಗೆ ಹುಡುಕಿ, ಅವರ ಕೈಗೇ ಸಿಗುವಂತೆ ಮಾಡಿದರೆ ಅವರಿಗೂ ಸಮಾಧಾನ. ಅವರು ಬಚ್ಚಿಡುವ ನಾಲ್ಕೈದು ಜಾಗ ಗುರುತಿಟ್ಟುಕೊಂಡು, ಬೆಲೆಬಾಳುವುದನ್ನು ತೆಗೆದಿಟ್ಟು, ಕನ್ನಡಕ ಮತ್ತು ಬೀಗದ ಕೈಗೆ ಜೋಡಿ ಇಟ್ಟುಕೊಳ್ಳುವುದು ಒಳ್ಳೆಯದು. ಕೆಲಸದವಳಿಗೂ ಕಾಯಿಲೆಯ ವಿಷಯ ಮೊದಲೇ ತಿಳಿಸಿರಬೇಕು.

ದಾವಣಗೆರೆಯ ಮಗನ ದೂರು ಬೇರೆ. "ಅಪ್ಪಾಜಿ ಸೋಮಾರಿ ಆಗಿಬಿಟ್ಟಿದ್ದಾರೆ. ಕೂತಲ್ಲೇ ಕೂತಿರ್ತಾರೆ. ಸ್ನಾನ ಮಾಡಿ ರೆಡಿ ಆಗಿ ಅಂದ್ರೆ ಹೂಂ ಅಂತಾರೆ, ಏಳೋದಿಲ್ಲ." ಹೂಂ ಅಂದದ್ದು ಸುಳ್ಳಲ್ಲ. ಅರ್ಥವಾಗಿದೆ, ಮನಸ್ಸೂ ಇದೆ. ಅರ್ಥವಾದದ್ದನ್ನು ಕೆಲಸವಾಗಿ ಶುರು ಮಾಡಿಸುವ ದಾರಿ ಕಡಿದಿದೆ. "ರೆಡಿ ಆಗಿ" ಎಂಬ ಒಂದು ಮಾತಿನೊಳಗೆ ಹತ್ತು ಕೆಲಸಗಳಿವೆ. ಮಗ ಈಗ ಒಂದೊಂದೇ ಹೇಳುತ್ತಾನೆ. "ಎದ್ದೇಳಿ ಅಪ್ಪಾಜಿ." ಕಾಯುತ್ತಾನೆ. "ಟವೆಲ್ ತಗೊಳ್ಳಿ." ಮತ್ತೆ ಕಾಯುತ್ತಾನೆ. ಈ ಕಾಯುವುದೇ ಕಷ್ಟ. ಉತ್ತರ ಬರಲು ಅರ್ಧ ನಿಮಿಷ ಬೇಕಾದವರಿಗೆ ಹತ್ತು ಸೆಕೆಂಡಿಗೊಮ್ಮೆ ಅದೇ ಪ್ರಶ್ನೆ ಕೇಳಿದರೆ ಪ್ರತಿ ಸಲವೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಇವರಿಗೆ ಗೋಡೆಯ ಮೇಲಿನ ಪಟ್ಟಿ, ಕ್ಯಾಲೆಂಡರು, ಎತ್ತಿಕೊಡುವ ಮಾತು ಉಪಯೋಗಕ್ಕೆ ಬರುತ್ತವೆ. ಒಳಗಿರುವ ನೆನಪನ್ನು ಹೊರಗೆ ತರಲು ಅವು ಸಾಕು. ಟೀಚರಮ್ಮನಿಗೆ ಅದೇ ಪಟ್ಟಿ ಬರೆದಿಟ್ಟರೆ, ಪಟ್ಟಿ ಇದೆ ಎಂಬುದೇ ನೆನಪಿರುವುದಿಲ್ಲ.

ಟಿವಿ ನೋಡಿ ಅಳುವುದಕ್ಕೂ ದುಃಖಕ್ಕೂ ಬಹಳ ಸಲ ಸಂಬಂಧವಿರುವುದಿಲ್ಲ. ಅಳುವಿಗೆ ಹಾಕುವ ಕಡಿವಾಣ ಸಡಿಲಾಗಿದೆ. "ಯಾಕೆ ಅಳ್ತೀರಿ?" ಎಂದು ಬೆನ್ನು ಹತ್ತದೆ ಮಾತು ಬದಲಿಸಿದರೆ ಕ್ಷಣದಲ್ಲಿ ನಿಲ್ಲುತ್ತದೆ. ಆದರೆ ಇಂಥವರಲ್ಲಿ ನಿಜವಾದ ಖಿನ್ನತೆಯೂ ಸಾಮಾನ್ಯ. ಊಟ ಸೇರದೆ, ನಿದ್ದೆ ಕೆಟ್ಟು, ಬದುಕು ಸಾಕೆನ್ನುವ ಮಾತು ಬಂದರೆ ವೈದ್ಯರಿಗೆ ಹೇಳಬೇಕು. ಎರಡಕ್ಕೂ ಔಷಧಿಯಿದೆ. ಮೂತ್ರದ ಅವಸರಕ್ಕೆ ಎರಡು ಗಂಟೆಗೊಮ್ಮೆ ಕರೆದೊಯ್ಯುವುದು, ರಾತ್ರಿ ಬಚ್ಚಲಿನ ದೀಪ ಉರಿಯುತ್ತಲೇ ಇರುವುದು, ಗೋಡೆಗೊಂದು ಹಿಡಿ: ಸಣ್ಣ ಹೆಜ್ಜೆಯ ಮನುಷ್ಯ ಅವಸರದಲ್ಲಿ ಓಡಿ ಬಿದ್ದರೆ ತೊಡೆಮೂಳೆ ಮುರಿಯುತ್ತದೆ.

ಇಳಿಜಾರು ಮತ್ತು ಮೆಟ್ಟಿಲಿನ ಲೆಕ್ಕ ರೋಗ ಗುರುತಿಸುವುದಕ್ಕೆ ಮಾತ್ರ ಎಂದುಕೊಂಡರೆ ಅದರ ದೊಡ್ಡ ಉಪಯೋಗ ಕೈತಪ್ಪುತ್ತದೆ. ಟೀಚರಮ್ಮನ ಕಥೆಯಲ್ಲಿ ಒಂದು ಬುಧವಾರ ಹೀಗಾಯಿತು. ಮಧ್ಯಾಹ್ನ ಮಂಪರು, ರಾತ್ರಿ ಎಚ್ಚರ. ಗೋಡೆಯ ಮೇಲೆ ಮಕ್ಕಳು ಕಾಣಿಸಿದರು, ಸೊಸೆಗೆ ಹೊಡೆಯಲು ಕೈ ಎತ್ತಿದರು. ಬೆಳಿಗ್ಗೆ ತುಸು ಸರಿ, ಸಂಜೆ ಮತ್ತೆ ಕೆಟ್ಟಿತು. ಕಾಯಿಲೆ ಜಾಸ್ತಿಯಾಯಿತು ಎಂದರು ನೆಂಟರು. ಆದರೆ ಆಲ್‌ಝೈಮರ್ ಮೂರು ದಿನದಲ್ಲಿ ಜಾಸ್ತಿಯಾಗುವುದಿಲ್ಲ. ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಮೆಟ್ಟಿಲು ಕಂಡರೆ ಅದಕ್ಕೆ ಬೇರೆ ಕಾರಣವಿದೆ. ವೈದ್ಯರು ಇದನ್ನು ಡೆಲಿರಿಯಮ್ ಎನ್ನುತ್ತಾರೆ, ಹಳಬರು ಸನ್ನಿ ಎನ್ನುತ್ತಿದ್ದರು. ಗಂಟೆಗಂಟೆಗೂ ಬದಲಾಗುವ ಎಚ್ಚರ, ಒಂದು ಮಾತಿನ ಮೇಲೆ ನಿಲ್ಲದ ಗಮನ ಇದರ ಗುರುತು. ಕಾರಣ ಸಾಮಾನ್ಯವಾಗಿ ಮೆದುಳಿನ ಹೊರಗಿರುತ್ತದೆ: ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗುವುದು, ಸೋಡಿಯಂ ಇಳಿಯುವುದು, ಸಕ್ಕರೆ ತೀರಾ ಕಡಿಮೆಯಾಗುವುದು, ಹೇಳಿಕೊಳ್ಳಲಾಗದ ನೋವು. ಟೀಚರಮ್ಮನ ವಿಷಯದಲ್ಲಿ ಎರಡು ಕಾರಣ ಸೇರಿದ್ದವು. ಸೋಮವಾರ ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಬರಿಸುವ ಹಳೆಯ ಬಗೆಯ ಮಾತ್ರೆ ಒಂದು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಆಲ್‌ಝೈಮರ್‌ನಲ್ಲಿ ಮೊದಲೇ ಕಡಿಮೆ. ಅದಕ್ಕಾಗಿ ಕೊಡುವ ಡೊನೆಪೆಜಿಲ್ ಅದನ್ನು ತುಸು ಹೆಚ್ಚಿಸಿದರೆ, ನೆಗಡಿಯ ಈ ಮಾತ್ರೆ ಅದರ ಕೆಲಸವನ್ನೇ ತಡೆಯುತ್ತದೆ. ಇನ್ನೊಂದು, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದ್ದು. ಮಾತ್ರೆ ನಿಲ್ಲಿಸಿ, ಹೊಟ್ಟೆ ಸಡಿಲವಾದ ಮೇಲೆ ವಾರದೊಳಗೆ ಅವರು ಮೊದಲಿದ್ದ ಸ್ಥಿತಿಗೆ ಬಂದರು.

ಅದೇ ರಾತ್ರಿ ಯಾರಾದರೂ ಗಲಾಟೆ ತಗ್ಗಿಸಲು ಮನೋರೋಗದ ಮಾತ್ರೆ ಕೊಡಿಸಿಬಿಡುವುದೂ ಉಂಟು. ಡಿಮೆನ್ಶಿಯ ಇರುವ ವೃದ್ಧರಲ್ಲಿ ಈ ಗುಂಪಿನ ಔಷಧಿಗಳು ಸಾವಿನ ಸಂಭವವನ್ನು ಒಂದೂವರೆ ಪಟ್ಟಿಗಿಂತ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಪಾರ್ಶ್ವವಾಯುವಿನ ಅಪಾಯವೂ ಏರುತ್ತದೆ. ತಮಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿ, ಉಳಿದ ದಾರಿಗಳು ಸೋತಾಗ, ತಜ್ಞರು ಸಣ್ಣ ಪ್ರಮಾಣದಲ್ಲಿ, ಕೆಲವೇ ವಾರ ಕೊಡುವುದುಂಟು. ವರ್ಷಗಟ್ಟಲೆ ಚೀಟಿ ತೋರಿಸಿ ತಂದು ನುಂಗಿಸುವ ಮಾತ್ರೆ ಅದಲ್ಲ.

ಅಂಗಡಿಯವರ ಮನೆಯಲ್ಲಿ ಹೊಸ ಮೆಟ್ಟಿಲು ಕಂಡರೆ ಅರ್ಥ ಬೇರೆ. ಮುಖ ಓರೆಯಾಗಿದೆಯೇ, ಕೈ ಎತ್ತಿದರೆ ಜೋಲುತ್ತದೆಯೇ, ಮಾತು ತೊದಲುತ್ತದೆಯೇ ಎಂದು ನೋಡಿ, ಇದ್ದರೆ ನೇರವಾಗಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಆ ಲೆಕ್ಕ ಶುರುವಾಗುವುದು ಅವರು ಕೊನೆಯ ಸಲ ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಬೆಳಿಗ್ಗೆ ಎದ್ದಾಗ ಕಂಡದ್ದಾದರೆ ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದ.

ದೀಪಾವಳಿಯ ನಂತರದ ಮೆಟ್ಟಿಲಿಗೆ ಕಾರಣ ಹುಡುಕಿದಾಗ ಮಗ ಹೇಳಿದ್ದು ಇಷ್ಟು: "ಬಿಪಿ ನಾರ್ಮಲ್ ಬಂತು ಅಂತ ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ರು ಡಾಕ್ಟ್ರೇ." ನಾರ್ಮಲ್ ಬಂದದ್ದು ಮಾತ್ರೆಯಿಂದ. ಟೀಚರಮ್ಮನ ಇಳಿಜಾರನ್ನು ನಿಲ್ಲಿಸುವ ಔಷಧಿ ಇಲ್ಲ. ಅಂಗಡಿಯವರ ಮುಂದಿನ ಮೆಟ್ಟಿಲನ್ನು ತಪ್ಪಿಸುವ, ಇಲ್ಲವೇ ವರ್ಷಗಟ್ಟಲೆ ಮುಂದೂಡುವ ಸಾಧ್ಯತೆ ಇದೆ: ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಬಗೆಯ ಮಾತ್ರೆ, ಕೊಲೆಸ್ಟರಾಲಿಗೆ ಸ್ಟ್ಯಾಟಿನ್, ಸಕ್ಕರೆಯ ಹತೋಟಿ, ಬೀಡಿಗೆ ವಿದಾಯ. ಮಾತ್ರೆ ತೆಗೆದುಕೊಂಡೆ ಎಂದು ಅವರು ಹೇಳಿದರೆ ಸಾಲದು, ನುಂಗಿದ್ದನ್ನು ನೋಡಬೇಕು. ಮನೆಯಲ್ಲೇ ಬಿಪಿ ಅಳೆಯುವವರು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಂದರಿಂದ ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಲಿ. ನಿಂತಾಗ ಮೇಲಿನ ಅಂಕಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರೆಯ ಪ್ರಮಾಣ ಅಥವಾ ಹೊತ್ತು ಬದಲಿಸಬೇಕೇ ಎಂದು ವೈದ್ಯರನ್ನು ಕೇಳಬೇಕು, ತಾವಾಗಿ ನಿಲ್ಲಿಸಬಾರದು.